ಫ್ರಿಜ್ಜಿನ ಚಳಿಗೆ ಹೆದರದ ಲಿಸ್ಟೀರಿಯಾ: ಯಾವ ತಿನಿಸು ತಿನ್ನಬಹುದು, ಯಾವುದು ಬೇಡ

ಆಹಾರದ ಸೂಕ್ಷ್ಮಜೀವಿಗಳ ಪಾಠ ಶುರು ಮಾಡುವ ಮೊದಲ ವಾರದಲ್ಲೇ ನಾನು ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ ಕೊಡುತ್ತೇನೆ. ಐಸ್‌ಕ್ರೀಂ, ಚೆಡ್ಡರ್ ಚೀಸ್, ಮೊಸರು, ಬೇಯಿಸಿ ತೆಳ್ಳಗೆ ಹೋಳು ಮಾಡಿದ ಟರ್ಕಿ ಕೋಳಿಯ ಮಾಂಸ. ನಾಲ್ಕರಲ್ಲೂ ಗ್ರಾಂಗೆ ಒಂದೊಂದು ಲಿಸ್ಟೀರಿಯಾ, ಅಂದರೆ ಆಹಾರದಿಂದ ಕಾಯಿಲೆ ತರುವ ಒಂದು ಬ್ಯಾಕ್ಟೀರಿಯಾ, ಇದೆ ಅಂದುಕೊಳ್ಳಿ. ಐಸ್‌ಕ್ರೀಂ ಫ್ರೀಜರಿನಲ್ಲಿ, ಉಳಿದ ಮೂರು 4 ಡಿಗ್ರಿಯ ಫ್ರಿಜ್ಜಿನಲ್ಲಿ. ಹತ್ತು ದಿನ ಬಿಟ್ಟು ನೋಡಿದರೆ ಯಾವುದು ಜಾಸ್ತಿ ಅಪಾಯ?

ಅರ್ಧಕ್ಕರ್ಧ ಕೈಗಳು ಐಸ್‌ಕ್ರೀಂಗೆ ಏಳುತ್ತವೆ. ಅಮೆರಿಕದಲ್ಲಿ 2015ರಲ್ಲಿ ಬ್ಲೂ ಬೆಲ್ ಐಸ್‌ಕ್ರೀಂನಿಂದ ಜನ ಸತ್ತ ಸುದ್ದಿಯನ್ನು ಅವರು ಎಲ್ಲೋ ಓದಿರುತ್ತಾರೆ. ಸರಿಯಾದ ಉತ್ತರ ಟರ್ಕಿ. ಹಾಗೆಂದು ಐಸ್‌ಕ್ರೀಂ ಅಂದವರು ದಡ್ಡರಲ್ಲ. ಅವರು ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಅಂದುಕೊಂಡಿದ್ದಾರೆ, ಅಷ್ಟೇ. ಒಂದು, ಈ ತಿನಿಸಿನಲ್ಲಿ ಲಿಸ್ಟೀರಿಯಾ ಇರಬಹುದಾ? ಇನ್ನೊಂದು, ಇದ್ದರೆ ಅದು ಇಲ್ಲಿ ಬೆಳೆಯುತ್ತದಾ? ತಿನಿಸುಗಳನ್ನು ಹೋಲಿಸುವಾಗ ನನ್ನ ಮಟ್ಟಿಗೆ ಎರಡನೆಯ ಪ್ರಶ್ನೆಯೇ ದೊಡ್ಡದು. ಯಾಕೆ ಅಂದರೆ ಗ್ರಾಂಗೆ ಒಂದೋ ಎರಡೋ ಲಿಸ್ಟೀರಿಯಾ ಇರುವ ತಿನಿಸನ್ನು ನಾವೆಲ್ಲ ಗೊತ್ತಿಲ್ಲದೆ ತಿಂದಿರುತ್ತೇವೆ. ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಕಾಯಿಲೆ ತಂದ ತಿನಿಸುಗಳಲ್ಲಿ ಬಹುಪಾಲು ಅದು ಮೊದಲೇ ಚೆನ್ನಾಗಿ ಬೆಳೆದುಕೊಂಡಿದ್ದ ತಿನಿಸುಗಳು.

ತಣ್ಣಗಿರುವುದೇ ಅದಕ್ಕೆ ಅನುಕೂಲ

ಲಿಸ್ಟೀರಿಯಾ ಮೊನೊಸೈಟೊಜೆನಿಸ್‌ಗೆ ಇಷ್ಟವಾದ ಉಷ್ಣತೆ ನಮ್ಮ ಮೈಬಿಸಿಯ ಆಸುಪಾಸು, 30ರಿಂದ 37 ಡಿಗ್ರಿ. ಆದರೆ ಸೊನ್ನೆ ಡಿಗ್ರಿಯ ಹತ್ತಿರಕ್ಕೆ ಇಳಿದರೂ ಅದು ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ಸಾಲ್ಮೊನೆಲ್ಲಾ, ಸ್ಟೆಫೈಲೊಕಾಕಸ್ ಥರದವು 5-7 ಡಿಗ್ರಿಗೆ ಬರುವಷ್ಟರಲ್ಲಿ ಸುಸ್ತಾಗಿ ಕೂತಿರುತ್ತವೆ.

ತಣ್ಣಗಾದಾಗ ತುಪ್ಪ ಗಟ್ಟಿಯಾಗುವ ಹಾಗೆ ಬ್ಯಾಕ್ಟೀರಿಯಾದ ಹೊರಪೊರೆಯ ಕೊಬ್ಬೂ ಗಟ್ಟಿಯಾಗುತ್ತದೆ. ಪೊರೆ ಬಿಗಿದರೆ ಒಳಗೆ ಹೊರಗೆ ಏನೂ ಸಾಗುವುದಿಲ್ಲ. ಲಿಸ್ಟೀರಿಯಾ ಅದಕ್ಕೊಂದು ಉಪಾಯ ಮಾಡುತ್ತದೆ. ಕವಲೊಡೆದ ಕೊಬ್ಬಿನ ಆಮ್ಲಗಳನ್ನು ಹೆಚ್ಚಿಸಿಕೊಂಡು ಪೊರೆಯನ್ನು ಮೆತ್ತಗೆ ಇಟ್ಟುಕೊಳ್ಳುತ್ತದೆ. ಜೊತೆಗೆ ಮಾಂಸದಲ್ಲಿ ಸಿಗುವ ಕಾರ್ನಿಟಿನ್, ಗಿಡಗಳಲ್ಲಿ ಸಿಗುವ ಬೀಟೈನ್ ಥರದ ಸಣ್ಣ ಅಣುಗಳನ್ನು ಹೀರಿ ಒಳಗೆ ಕೂಡಿಡುತ್ತದೆ. ಅವು ಚಳಿಗೂ ಆಗುತ್ತವೆ, ಉಪ್ಪಿಗೂ ಆಗುತ್ತವೆ. ಉಪ್ಪು ಹಾಕಿದ ಮಾಂಸ, ಉಪ್ಪು ಹಾಕಿದ ಮೀನು ಇದನ್ನು ತಡೆಯದೇ ಇರುವುದು ಇದರಿಂದಲೇ.

ಹಳೆಯ ಲ್ಯಾಬುಗಳಲ್ಲಿ ಇದೇ ಗುಣವನ್ನು ಕೆಲಸಕ್ಕೆ ಬಳಸುತ್ತಿದ್ದರು. ಅನುಮಾನ ಇರುವ ಮಾದರಿಯನ್ನು ಸಾರಿನಂಥ ಪೋಷಕ ದ್ರವದಲ್ಲಿ ಹಾಕಿ 4 ಡಿಗ್ರಿಯಲ್ಲಿ ವಾರಗಟ್ಟಲೆ ಇಡುವುದು. ಉಳಿದ ಬ್ಯಾಕ್ಟೀರಿಯಾಗಳು ಹಿಂದೆ ಬೀಳುತ್ತವೆ, ಲಿಸ್ಟೀರಿಯಾ ಮುಂದೆ ಬರುತ್ತದೆ. ಶೀತ ಪೋಷಣೆ ವಿಧಾನ ಅಂತ ಪರೀಕ್ಷೆಗೂ ಬರುತ್ತದೆ. ನಮ್ಮ ಮನೆಯ ಫ್ರಿಜ್ ಕೂಡ ಅದನ್ನೇ ಮಾಡುತ್ತದೆ ಅಂತ ಹೇಳಿದಾಗ ಮಕ್ಕಳ ಮುಖ ನೋಡಬೇಕು.

ಇದು ಬರೀ ಮಾತಲ್ಲ. ಕೆನಡಾದ ನೋವಾ ಸ್ಕೋಶಿಯಾ ಕಡೆ 1981ರಲ್ಲಿ 41 ಜನರಿಗೆ ಲಿಸ್ಟೀರಿಯಾ ಕಾಯಿಲೆ ಬಂತು. ಅದರಲ್ಲಿ 34 ಪ್ರಕರಣ ಬಸುರಿಯರದು ಮತ್ತು ಹಸುಗೂಸುಗಳದು. ಹುಡುಕಿದರೆ ಸಿಕ್ಕಿದ್ದು ಹೆಚ್ಚಿದ ಎಲೆಕೋಸಿನ ಸಲಾಡ್. ಕೋಸು ಬೆಳೆದ ರೈತ ಕುರಿಗೊಬ್ಬರ ಹಾಕಿದ್ದ. ಆ ಮಂದೆಯಲ್ಲಿ ಕುರಿಗಳು ಇದೇ ಕಾಯಿಲೆಯಿಂದ ಸತ್ತಿದ್ದವು. ಕೋಸನ್ನು ಚಳಿಗಾಲವಿಡೀ ತಣ್ಣನೆಯ ಕೊಠಡಿಯಲ್ಲಿ ಇಟ್ಟಿದ್ದರು. ಗೊಬ್ಬರದಿಂದ ಬಂದದ್ದು ಸ್ವಲ್ಪವೇ ಇರಬಹುದು. ಅದಕ್ಕೆ ತಿಂಗಳುಗಟ್ಟಲೆ ಸಮಯ ಕೊಟ್ಟದ್ದು ಆ ಕೊಠಡಿ. ಆಹಾರದಿಂದಲೇ ಈ ಕಾಯಿಲೆ ಹರಡುತ್ತದೆ ಅಂತ ಗಟ್ಟಿಯಾಗಿ ಗೊತ್ತಾಗಿದ್ದು ಈ ಘಟನೆಯಿಂದ.

ಹೋಲಿಸುವ ಅಳತೆ

ಒಂದು ತಿನಿಸನ್ನು ಕೈಯಲ್ಲಿ ಹಿಡಿದು ನಾನು ಕೇಳಿಕೊಳ್ಳುವುದು ಇಷ್ಟು. ಇದು ಹುಳಿಯಾ? ಇದು ಒಣಗಿದೆಯಾ? ಬೇಯಿಸಿದ ಮೇಲೆ ಇದನ್ನು ಯಾರಾದರೂ ಮುಟ್ಟಿದ್ದಾರಾ? ಇನ್ನೆಷ್ಟು ದಿನ ಇಡುತ್ತೇನೆ?

ಹುಳಿಯ ಲೆಕ್ಕ ಪಿಎಚ್‌ನಲ್ಲಿ, ಹುಳಿ ಹೆಚ್ಚಿದಷ್ಟೂ ಪಿಎಚ್ ಇಳಿಯುತ್ತದೆ. ಪಿಎಚ್ 4.4ಕ್ಕಿಂತ ಕೆಳಗಿದ್ದರೆ ಲಿಸ್ಟೀರಿಯಾ ಬೆಳೆಯುವುದಿಲ್ಲ. ಒಣಗಿದ್ದರ ಲೆಕ್ಕ ವಾಟರ್ ಆಕ್ಟಿವಿಟಿಯಲ್ಲಿ, ಅಂದರೆ ತಿನಿಸಿನಲ್ಲಿರುವ ನೀರಿನಲ್ಲಿ ಸೂಕ್ಷ್ಮಜೀವಿಗೆ ದಕ್ಕುವ ನೀರು ಎಷ್ಟು ಅನ್ನುವುದು. ಅದು 0.92ಕ್ಕಿಂತ ಕಡಿಮೆ ಇದ್ದರೂ ಬೆಳೆಯುವುದಿಲ್ಲ. ಎರಡೂ ಅರ್ಧಂಬರ್ಧ ಇದ್ದರೆ, ಪಿಎಚ್ 5ಕ್ಕಿಂತ ಕಡಿಮೆ ಮತ್ತು ವಾಟರ್ ಆಕ್ಟಿವಿಟಿ 0.94ಕ್ಕಿಂತ ಕಡಿಮೆ ಇದ್ದರೆ, ಆಗಲೂ ಬೆಳೆಯದ ತಿನಿಸು ಅಂತಲೇ ಲೆಕ್ಕ. ಕೋಡೆಕ್ಸ್ ಅನ್ನುವ ಅಂತರರಾಷ್ಟ್ರೀಯ ಆಹಾರ ನಿಯಮಗಳು ಇದನ್ನೇ ಗೆರೆಯಾಗಿ ಇಟ್ಟುಕೊಂಡಿವೆ. ಬೆಳೆಯದ ತಿನಿಸಿನಲ್ಲಿ ಗ್ರಾಂಗೆ 100ರವರೆಗೆ ಇದ್ದರೂ ನಡೆಯುತ್ತದೆ. ಬೆಳೆಯುವ ತಿನಿಸಿನಲ್ಲಿ 25 ಗ್ರಾಂ ಪರೀಕ್ಷಿಸಿದರೆ ಒಂದೂ ಸಿಗಬಾರದು. ಒಂದೇ ಬ್ಯಾಕ್ಟೀರಿಯಾಕ್ಕೆ ಎರಡು ನಿಯಮ ಯಾಕೆ ಅಂತ ಪರೀಕ್ಷೆಯಲ್ಲಿ ಕೇಳಿದರೆ ಉತ್ತರ ಇದೇ.

ಮುಟ್ಟಿದ್ದಾರಾ ಅನ್ನುವುದು ಯಾಕೆ ಮುಖ್ಯ? ಲಿಸ್ಟೀರಿಯಾ ಬಿಸಿಗೆ ಗಟ್ಟಿಯೇನಲ್ಲ. ಒಳಗೆಲ್ಲ 70 ಡಿಗ್ರಿ ಬಿಸಿ ಎರಡು ನಿಮಿಷ ಇದ್ದರೆ ಹತ್ತು ಲಕ್ಷದಲ್ಲಿ ಒಂದು ಉಳಿಯುತ್ತದೆ. ಕಾರ್ಖಾನೆಯ ಒಲೆಯಿಂದ ಹೊರಬಂದ ಮಾಂಸ ಸ್ವಚ್ಛವೇ. ತೊಂದರೆ ಆಗುವುದು ಆಮೇಲೆ, ಹೋಳು ಮಾಡುವ ಯಂತ್ರದಲ್ಲಿ, ಒದ್ದೆ ನೆಲದಲ್ಲಿ, ಚರಂಡಿಯ ಜಾಲರಿಯಲ್ಲಿ. ಲಿಸ್ಟೀರಿಯಾ ಇಂಥ ತಣ್ಣನೆಯ ಒದ್ದೆ ಜಾಗದಲ್ಲಿ ಲೋಳೆಯ ಪದರ ಕಟ್ಟಿಕೊಂಡು ವರ್ಷಗಟ್ಟಲೆ ಇರುತ್ತದೆ.

ಇನ್ನು ದಿನಗಳ ಲೆಕ್ಕ. ಇದನ್ನು ಒಂದು ಉದಾಹರಣೆಯಿಂದಲೇ ನೋಡಬೇಕು.

ಏಳು ದಿನ, ಎರಡು ಫ್ರಿಜ್

ಅಮೆರಿಕದ ಆಹಾರ ಇಲಾಖೆಗಳು 2003ರಲ್ಲಿ ಹಾಗೇ ತಿನ್ನುವ 23 ಬಗೆಯ ತಿನಿಸುಗಳನ್ನು ಹೋಲಿಸಿ ಒಂದು ದೊಡ್ಡ ಲೆಕ್ಕ ಮಾಡಿದವು. ಅದರಲ್ಲಿ ಹೋಳು ಮಾಡಿದ ಬೇಯಿಸಿದ ಮಾಂಸದಲ್ಲಿ 5 ಡಿಗ್ರಿಯಲ್ಲಿ ಲಿಸ್ಟೀರಿಯಾ ಬೆಳೆಯುವ ವೇಗ ದಿನಕ್ಕೆ ಸುಮಾರು 0.28 ಲಾಗ್. ಒಂದು ಲಾಗ್ ಅಂದರೆ ಹತ್ತು ಪಟ್ಟು, ಎರಡು ಲಾಗ್ ಅಂದರೆ ನೂರು ಪಟ್ಟು. ಬೇರೆ ಉಷ್ಣತೆಗೆ ಬದಲಿಸಲು ಸುಲಭದ ದಾರಿ ಇದೆ. ಫ್ರಿಜ್ಜಿನ ಡಿಗ್ರಿಗೆ 1.2 ಸೇರಿಸಿ, 6.2ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ. ಆಮೇಲೆ 0.28ರಿಂದ ಗುಣಿಸಿ.

4 ಡಿಗ್ರಿಯ ಫ್ರಿಜ್ಜಿಗೆ ದಿನಕ್ಕೆ 0.2 ಲಾಗ್ ಬರುತ್ತದೆ. ಏಳು ದಿನಕ್ಕೆ 1.4. ಅಂದರೆ 25 ಪಟ್ಟು. ಗ್ರಾಂಗೆ ಒಂದು ಇದ್ದದ್ದು 25 ಆಯಿತು. ಪರವಾಗಿಲ್ಲ ಅನ್ನಿಸುತ್ತದೆ ಅಲ್ವಾ?

ಈಗ 8 ಡಿಗ್ರಿಯ ಫ್ರಿಜ್. ಬಾಗಿಲು ಪದೇ ಪದೇ ತೆರೆಯುವ, ತುಂಬಿ ತುಳುಕುವ ಫ್ರಿಜ್ಜಿನ ಬಾಗಿಲ ಕಡೆಯ ತಟ್ಟೆಯಲ್ಲಿ ಇಷ್ಟು ಇರುವುದು ಹೊಸದಲ್ಲ. ದಿನಕ್ಕೆ 0.62 ಲಾಗ್. ಏಳು ದಿನಕ್ಕೆ 4.3, ಅಂದರೆ ಇಪ್ಪತ್ತು ಸಾವಿರ ಪಟ್ಟು. ಉಷ್ಣತೆ ಹೆಚ್ಚಿದ್ದು ನಾಲ್ಕೇ ಡಿಗ್ರಿ. ಬೆಳವಣಿಗೆಯಲ್ಲಿ ಎಂಟುನೂರು ಪಟ್ಟು ವ್ಯತ್ಯಾಸ.

ಇನ್ನೊಂದು ಕಡೆಯಿಂದ ನೋಡಿ. ಗ್ರಾಂಗೆ ಒಂದರಿಂದ ನೂರಕ್ಕೆ ಏರಲು 4 ಡಿಗ್ರಿಯಲ್ಲಿ ಹತ್ತು ದಿನ ಬೇಕು. 8 ಡಿಗ್ರಿಯಲ್ಲಿ ಮೂರೇ ದಿನ ಸಾಕು. ಡೆಲಿ ಮಾಂಸ, ಅಂದರೆ ಇಂಥ ಹೋಳು ಮಾಡಿದ ಬೇಯಿಸಿದ ಮಾಂಸ, ತಂದರೆ ಅಥವಾ ಅದರ ಪೊಟ್ಟಣ ತೆರೆದರೆ ಮೂರರಿಂದ ಐದು ದಿನದೊಳಗೆ ಮುಗಿಸಿ ಅನ್ನುವ ಸಲಹೆಯನ್ನು ಈ ಲೆಕ್ಕದ ಪಕ್ಕ ಇಟ್ಟು ನೋಡಿದರೆ ಅದು ಸುಮ್ನೆ ಹೇಳಿದ್ದಲ್ಲ ಅಂತ ತಿಳಿಯುತ್ತದೆ.

ಇದು ಕಾಗದದ ಲೆಕ್ಕ, ಒಪ್ಪುತ್ತೇನೆ. ಹೊಸ ಜಾಗಕ್ಕೆ ಹೊಂದಿಕೊಳ್ಳಲು ಬ್ಯಾಕ್ಟೀರಿಯಾ ಮೊದಲು ಸ್ವಲ್ಪ ಸಮಯ ಸುಮ್ಮನಿರುತ್ತದೆ, ಅದನ್ನು ನಾನು ಬಿಟ್ಟಿದ್ದೇನೆ. ಮಾಂಸದಲ್ಲಿ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಹೆಚ್ಚಿದ್ದರೆ ಪೈಪೋಟಿಯಲ್ಲಿ ಲಿಸ್ಟೀರಿಯಾ ಹಿಂದೆ ಬೀಳುತ್ತದೆ. ಪೊಟ್ಟಣದ ಮೇಲೆ ಲ್ಯಾಕ್ಟೇಟ್, ಡೈಅಸಿಟೇಟ್ ಅಂತ ಬರೆದಿದ್ದರೆ ಬೆಳವಣಿಗೆ ಇನ್ನೂ ನಿಧಾನ. ಆದರೆ ಎರಡು ತಿನಿಸನ್ನೋ ಎರಡು ಫ್ರಿಜ್ಜನ್ನೋ ಹೋಲಿಸಲು ಇಷ್ಟು ಸಾಕು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಗ್ರಾಂಗೆ ಇಪ್ಪತ್ತು ಸಾವಿರ ಇದ್ದರೂ ಮಾಂಸ ವಾಸನೆ ಹೊಡೆಯುವುದಿಲ್ಲ, ಲೋಳೆಯಾಗುವುದಿಲ್ಲ, ಬಣ್ಣ ಕೆಡುವುದಿಲ್ಲ. ಮೂಸಿ ನೋಡಿ ತೀರ್ಮಾನ ಮಾಡುವ ನಮ್ಮ ಅಡುಗೆಮನೆಯ ಜಾಣ್ಮೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ತಿಂದು ಕಾಯಿಲೆ ಬೀಳಲು ಕೆಲವೊಮ್ಮೆ 70 ದಿನದವರೆಗೂ ಹಿಡಿಯುತ್ತದೆ. ಹಾಗಾಗಿ ಯಾವುದರಿಂದ ಬಂತು ಅಂತ ನೆನಪಿಸಿಕೊಳ್ಳುವುದೂ ಕಷ್ಟ.

ಮಾಂಸ: ಹೋಳು, ಸಾಸೇಜ್, ಸಲಾಮಿ

2003ರ ಆ ಲೆಕ್ಕದಲ್ಲಿ ಒಂದು ಊಟಕ್ಕೆ ಎಷ್ಟು ಅಪಾಯ ಅಂತ ನೋಡಿದರೆ ಮೊದಲ ಸ್ಥಾನ ಹೋಳು ಮಾಡಿದ ಡೆಲಿ ಮಾಂಸಕ್ಕೆ. ಅದರ ಬೆನ್ನಿಗೇ ಬಿಸಿ ಮಾಡದೆ ತಿನ್ನುವ ಹಾಟ್ ಡಾಗ್ ಸಾಸೇಜ್. ಮೂರನೆಯದು ಪಾಟೆ, ಅಂದರೆ ಬ್ರೆಡ್ಡಿಗೆ ಸವರುವ ರುಬ್ಬಿದ ಮಾಂಸ.

ಇವು ಯಾಕೆ ಮೇಲೆ ಬಂದವು ಅಂತ ನಮ್ಮ ಅಳತೆಯಿಂದ ನೋಡಿ. ಹುಳಿ ಇಲ್ಲ, ಪಿಎಚ್ 6ರ ಆಸುಪಾಸು. ಒದ್ದೆ. ಬೇಯಿಸಿದ ಮೇಲೆ ಯಂತ್ರ ಮುಟ್ಟಿದೆ, ಕೈ ಮುಟ್ಟಿದೆ. ಬೇಯಿಸಿದ್ದರಿಂದ ಪೈಪೋಟಿಗೆ ಬೇರೆ ಬ್ಯಾಕ್ಟೀರಿಯಾ ಹೆಚ್ಚಿಲ್ಲ. ವಾರಗಟ್ಟಲೆ ಇಡುತ್ತಾರೆ. ಕೊನೆಗೆ ಬಿಸಿ ಮಾಡದೆ ತಿನ್ನುತ್ತಾರೆ. ಗಾಳಿ ತೆಗೆದ ಪೊಟ್ಟಣವೂ ಕಾಪಾಡುವುದಿಲ್ಲ, ಲಿಸ್ಟೀರಿಯಾ ಗಾಳಿ ಇಲ್ಲದೆಯೂ ಬೆಳೆಯುತ್ತದೆ.

ಇದು ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ದಕ್ಷಿಣ ಆಫ್ರಿಕಾದ ಉದಾಹರಣೆ ಇದೆ. ಅಲ್ಲಿ ಪೊಲೊನಿ ಅಂತ ಒಂದು ದಪ್ಪ ಸಾಸೇಜ್ ಇದೆ. ಅಗ್ಗ, ಬ್ರೆಡ್ಡಿನ ಜೊತೆ ಹೋಳು ಮಾಡಿ ಹಾಗೇ ತಿನ್ನುತ್ತಾರೆ. 2017-18ರಲ್ಲಿ ಪೊಲೊಕ್ವಾನೆಯ ಒಂದು ಕಾರ್ಖಾನೆಯ ಪೊಲೊನಿಯಿಂದ ಕಾಯಿಲೆ ಹರಡಿತು. ಖಚಿತವಾದ ಪ್ರಕರಣಗಳೇ 1060, ಸಾವು ಇನ್ನೂರು ದಾಟಿತು. ಲಿಸ್ಟೀರಿಯಾದಿಂದ ಇಷ್ಟು ದೊಡ್ಡ ಹರಡುವಿಕೆ ಜಗತ್ತಿನಲ್ಲಿ ಬೇರೆಲ್ಲೂ ದಾಖಲಾಗಿಲ್ಲ. ಕಾಯಿಲೆ ಬಿದ್ದವರಲ್ಲಿ ಆಗತಾನೆ ಹುಟ್ಟಿದ ಮಕ್ಕಳೇ ಬಹಳ. ಪೊಲೊನಿ ತಿಂದದ್ದು ತಾಯಂದಿರು. ಬಸುರಿಗೆ ಬರೀ ಸಣ್ಣ ಜ್ವರ, ಮೈಕೈ ನೋವು ಬಂದು ಹೋಗುತ್ತದೆ, ಬ್ಯಾಕ್ಟೀರಿಯಾ ಮಾಸು ದಾಟಿ ಮಗುವನ್ನು ತಲುಪಿರುತ್ತದೆ.

ಇದೇ ಮಾಂಸದ ಪಕ್ಕದಲ್ಲಿ ಗಟ್ಟಿ ಒಣ ಸಲಾಮಿ ಇಟ್ಟು ನೋಡಿ. ಅದನ್ನು ಹುದುಗಿಸುತ್ತಾರೆ, ಆಮೇಲೆ ಒಣಗಿಸುತ್ತಾರೆ. ಹುಳಿಯೂ ಇದೆ, ನೀರೂ ಕಡಿಮೆ. ಲಿಸ್ಟೀರಿಯಾ ಇದ್ದರೂ ಬೆಳೆಯುವ ಬದಲು ನಿಧಾನವಾಗಿ ಕಡಿಮೆಯಾಗುತ್ತದೆ. ಸಾಮಾನ್ಯ ಜನರಿಗೆ ಎರಡರಲ್ಲಿ ಸಲಾಮಿಯೇ ವಾಸಿ. ಬಸುರಿಗೆ ಮಾತ್ರ ನಾನು ಅದನ್ನೂ ಬೇಡ ಅನ್ನುತ್ತೇನೆ. ಸಲಾಮಿಯನ್ನು ಬೇಯಿಸಿರುವುದಿಲ್ಲ, ಬೇರೆ ಕ್ರಿಮಿಗಳ ಭಯ ಇರುತ್ತದೆ.

ಕಾರ್ಖಾನೆಯಲ್ಲೇ ಹೋಳು ಮಾಡಿ ಮುಚ್ಚಿದ ಪೊಟ್ಟಣವಾ, ಅಂಗಡಿಯ ಕೌಂಟರಿನಲ್ಲಿ ಎದುರಿಗೇ ಹೋಳು ಮಾಡಿಸಿದ್ದಾ? ಎದುರಿಗೆ ಕೊಯ್ದದ್ದು ತಾಜಾ ಅನ್ನಿಸುತ್ತದೆ. ಲೆಕ್ಕ ಉಲ್ಟಾ ಹೇಳುತ್ತದೆ. ಅಮೆರಿಕದಲ್ಲಿ ಡೆಲಿ ಮಾಂಸದಿಂದ ಆಗುವ ಲಿಸ್ಟೀರಿಯಾ ಸಾವುಗಳಲ್ಲಿ ಐದರಲ್ಲಿ ನಾಲ್ಕಕ್ಕೂ ಹೆಚ್ಚು ಅಂಗಡಿಯಲ್ಲಿ ಹೋಳು ಮಾಡಿದ ಮಾಂಸದ್ದು ಅಂತ ಅಂದಾಜು ಮಾಡಿದ್ದಾರೆ. ಒಂದೇ ಬ್ಲೇಡು ಬೆಳಗಿನಿಂದ ಎಲ್ಲ ಮಾಂಸವನ್ನೂ ಕೊಯ್ದಿರುತ್ತದೆ.

ತಿನ್ನಲೇಬೇಕು ಅನ್ನಿಸಿದರೆ ದಾರಿ ಇದೆ. 74 ಡಿಗ್ರಿಗೆ, ಅಂದರೆ ಹಬೆಯಾಡುವ ತನಕ ಬಿಸಿ ಮಾಡಿ ಕೂಡಲೇ ತಿನ್ನುವುದು. ಪಟ್ಟಿಯಲ್ಲಿ ಎರಡನೆಯ ಸ್ಥಾನದ ಸಾಸೇಜ್, ಬಿಸಿ ಮಾಡಿದರೆ ತುಂಬಾ ಕೆಳಗೆ ಇಳಿಯುತ್ತದೆ.

ಹಾಲಿನ ಮನೆ

ನಮ್ಮವರಿಗೆ ಹತ್ತಿರವಾದ ಹೋಲಿಕೆ ಇದೇ. ಹಾಲು ಒಂದೇ, ಅದರಿಂದಾದ ತಿನಿಸುಗಳ ನಡುವೆ ಆಕಾಶ ಭೂಮಿ ಅಂತರ.

ಮೊಸರಿನ ಪಿಎಚ್ 4.5ರ ಕೆಳಗೆ ಇಳಿಯುತ್ತದೆ. 4.4ರ ಗೆರೆಗೆ ಹತ್ತಿರ ಬಂದರೂ ದಾಟಿಲ್ಲ ಅಂತ ಯಾರಾದರೂ ವಾದ ಮಾಡಬಹುದು. ಆ ಗೆರೆ ಇರುವುದು ಬೆಚ್ಚಗಿನ ಉಷ್ಣತೆಗೆ. ಫ್ರಿಜ್ಜಿನ ಚಳಿಯಲ್ಲಿ ಲಿಸ್ಟೀರಿಯಾಕ್ಕೆ ಪಿಎಚ್ 5ರ ಆಸುಪಾಸಿನಲ್ಲೇ ಕಷ್ಟವಾಗುತ್ತದೆ. ಚಳಿಯೂ ಹುಳಿಯೂ ಒಟ್ಟಿಗೆ ಬಂದರೆ ಅದಕ್ಕೆ ತಡೆಯಲಾಗದು. ಹಾಲು ಕಾಯಿಸಿ ಹೆಪ್ಪು ಹಾಕಿದ ಮನೆಯ ಮೊಸರು, ಮಜ್ಜಿಗೆ ಈ ವಿಷಯದಲ್ಲಿ ತೀರಾ ಕೆಳಗಿನ ಅಪಾಯ. ಚೆಡ್ಡರ್‌ನಂಥ ಗಟ್ಟಿ ಚೀಸೂ ಅಷ್ಟೇ. ನೀರು ಕಡಿಮೆ, ಉಪ್ಪು, ಹುಳಿ ಎಲ್ಲ ಸೇರಿ ಅಲ್ಲಿ ಇದು ಕ್ರಮೇಣ ಸಾಯುತ್ತದೆ.

ಪನೀರ್ ಬೇರೆ ಜಾತಿ. ಹಾಲು ಒಡೆಯಲು ನಿಂಬೆರಸ ಹಾಕುತ್ತೇವೆ, ಹಾಗಾಗಿ ಹುಳಿ ಇರುತ್ತದೆ ಅಂತ ಅನ್ನಿಸುತ್ತದೆ. ಇಲ್ಲ. ಆ ಹುಳಿ ಬಹುಪಾಲು ನೀರಿನ ಜೊತೆ ಸೋರಿಹೋಗುತ್ತದೆ. ಪನೀರಿನ ಪಿಎಚ್ 5.5ಕ್ಕಿಂತ ಮೇಲೆ, ಉಪ್ಪಿಲ್ಲ, ಒಳಗೆಲ್ಲ ಒದ್ದೆ. ಒಡೆಯುವಾಗ ಹಾಲು ಕುದಿಯುವಷ್ಟು ಬಿಸಿ ಇರುವುದರಿಂದ ಆ ಗಳಿಗೆಯಲ್ಲಿ ಅದು ಸ್ವಚ್ಛ. ಆಮೇಲೆ ಬಟ್ಟೆ, ಒತ್ತುವ ಹಲಗೆ, ತಣ್ಣೀರಿನ ತೊಟ್ಟಿ, ಕತ್ತಿ. ಲಿಸ್ಟೀರಿಯಾ ಸೇರುವುದಿದ್ದರೆ ಇಲ್ಲೇ. ನಮ್ಮನ್ನು ಕಾಪಾಡುತ್ತಿರುವುದು ನಮ್ಮ ಅಡುಗೆ. ಪಾಲಕ್ ಪನೀರ್ ಮಾಡುವಾಗ ಅದು ಮತ್ತೆ ಕುದಿಯುತ್ತದೆ. ಪೊಟ್ಟಣದಿಂದ ತೆಗೆದು ಹಾಗೇ ಉಪ್ಪು ಮೆಣಸು ಉದುರಿಸಿ ತಿನ್ನುವಾಗ ಮಾತ್ರ ಅದು ಮೆಕ್ಸಿಕೋ ಜನರ ಕೇಸೊ ಫ್ರೆಸ್ಕೊ ಚೀಸಿನ ಸಾಲಿಗೆ ಬರುತ್ತದೆ. ಲಾಸ್ ಏಂಜಲೀಸ್‌ನಲ್ಲಿ 1985ರಲ್ಲಿ ಅಂಥ ಮೆತ್ತನೆಯ ಚೀಸಿನಿಂದ 142 ಜನ ಕಾಯಿಲೆ ಬಿದ್ದು 48 ಸಾವುಗಳಾದವು. ಅಲ್ಲೂ ಹೆಚ್ಚಿನವು ಬಸುರಿಯರು ಮತ್ತು ಕೂಸುಗಳ ಪ್ರಕರಣಗಳೇ.

ಕ್ಯಾಮೆಂಬೇರ್, ಬ್ರೀ ಥರದ ಬಿಳಿ ಬೂಷ್ಟಿನ ಚೀಸುಗಳು ಮೋಸಗಾರರು. ಶುರುವಿನಲ್ಲಿ ಹುಳಿಯಾಗಿಯೇ ಇರುತ್ತವೆ. ಮೇಲೆ ಬೆಳೆಯುವ ಬೂಷ್ಟು ಆ ಹುಳಿಯನ್ನು ತಿನ್ನುತ್ತಾ ಹೋಗುತ್ತದೆ. ಕೆಲವು ವಾರದಲ್ಲಿ ಸಿಪ್ಪೆಯ ಪಿಎಚ್ 7ರ ಹತ್ತಿರ. ಚೀಸು ಹಣ್ಣಾದಷ್ಟೂ ಲಿಸ್ಟೀರಿಯಾಕ್ಕೆ ಬಾಗಿಲು ತೆರೆಯುತ್ತದೆ.

ಇನ್ನು ಐಸ್‌ಕ್ರೀಂ. ಫ್ರೀಜರಿನಲ್ಲಿ ಲಿಸ್ಟೀರಿಯಾ ಸಾಯುವುದೂ ಇಲ್ಲ, ಬೆಳೆಯುವುದೂ ಇಲ್ಲ. 2015ರ ಆ ಐಸ್‌ಕ್ರೀಂ ಪ್ರಕರಣದಲ್ಲಿ ಹತ್ತು ಜನ ಕಾಯಿಲೆ ಬಿದ್ದರು, ಮೂವರು ಸತ್ತರು. ಸತ್ತ ಮೂವರೂ ಕ್ಯಾನ್ಸಾಸ್‌ನ ಒಂದು ಆಸ್ಪತ್ರೆಯಲ್ಲಿ ಬೇರೆ ಕಾಯಿಲೆಗಳಿಗೆ ಸೇರಿದ್ದ ರೋಗಿಗಳು, ಅಲ್ಲಿ ಐಸ್‌ಕ್ರೀಂ ಕದಡಿದ ಮಿಲ್ಕ್‌ಶೇಕ್ ಕುಡಿಸುತ್ತಿದ್ದರು. ತೀರಾ ಬಲಹೀನರಿಗೆ ಕಡಿಮೆ ಸಂಖ್ಯೆಯೂ ಸಾಕಾಗಬಹುದು ಅನ್ನುವುದು ಇಲ್ಲಿಂದ ತಿಳಿಯಬೇಕಾದದ್ದು. ತಿನಿಸುಗಳ ಸಾಲಿನಲ್ಲಿ ಐಸ್‌ಕ್ರೀಂ ಈಗಲೂ ಕೆಳಗೇ ಇದೆ.

ಕಾಯಿಸದ ಹಸಿ ಹಾಲು 2003ರ ಆ ಪಟ್ಟಿಯಲ್ಲಿ ನಾಲ್ಕನೆಯದು. ಹಾಲು ಉಕ್ಕಿಸದೆ ಕುಡಿಯದ ಮನೆಗಳಲ್ಲಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಗೆಯಲ್ಲಿಟ್ಟ ಸಾಲ್ಮನ್ ಮೀನು ಐದನೆಯದು. ತಣ್ಣನೆಯ ಹೊಗೆ ಕೊಟ್ಟದ್ದರಿಂದ ಅದು ಬೆಂದಿರುವುದಿಲ್ಲ. ಬೆಳವಣಿಗೆ ಡೆಲಿ ಮಾಂಸದ ಅರ್ಧ ವೇಗದಲ್ಲಿ, ಆದರೆ ಪೊಟ್ಟಣ ಫ್ರಿಜ್ಜಿನಲ್ಲಿ ಮೂರು ನಾಲ್ಕು ವಾರ ಕೂರುತ್ತದೆ. ನಿಧಾನಕ್ಕೆ ದಿನ ಸೇರಿದರೆ ಮತ್ತೆ ಅಲ್ಲಿಗೇ ಬಂತು.

ಹಣ್ಣು: ಕರಬೂಜ ಮತ್ತು ಕಡ್ಡಿ ಚುಚ್ಚಿದ ಸೇಬು

ಹಣ್ಣು ಅಂದರೆ ಹುಳಿ, ಹುಳಿ ಅಂದರೆ ಕ್ಷೇಮ ಅನ್ನುವ ಲೆಕ್ಕ ಕರಬೂಜದ ಹತ್ತಿರ ಕೆಡುತ್ತದೆ. ಅದರ ತಿರುಳಿನ ಪಿಎಚ್ 6ರ ಮೇಲೆ. ಮೇಲಿನ ಸಿಪ್ಪೆ ಬಲೆ ಬಲೆಯಾಗಿ ಒರಟು, ತೊಳೆದರೂ ಪೂರ್ತಿ ಹೋಗುವುದಿಲ್ಲ. ಕತ್ತಿ ಸಿಪ್ಪೆಯ ಮೇಲಿನದ್ದನ್ನು ತಿರುಳಿಗೆ ಎಳೆದುಕೊಂಡು ಹೋಗುತ್ತದೆ. ಕೊಲರಾಡೊದ ಒಂದು ತೋಟದ ಕರಬೂಜದಿಂದ 2011ರಲ್ಲಿ 28 ರಾಜ್ಯಗಳ 147 ಜನಕ್ಕೆ ಕಾಯಿಲೆ ಬಂದು 33 ಜನ ಸತ್ತರು. ತೊಳೆಯುವ ನೀರಿಗೆ ಕ್ಲೋರಿನ್ ಹಾಕಿರಲಿಲ್ಲ, ಯಂತ್ರ ಮೊದಲು ಆಲೂಗಡ್ಡೆಗೆ ಬಳಸಿದ್ದು, ತೋಟದ ಬಿಸಿ ಆರಿಸದೆ ಹಣ್ಣನ್ನು ತಂಪು ಕೊಠಡಿಗೆ ಹಾಕಿದ್ದರು. ಬಿಸಿ ಹಣ್ಣಿನ ಮೇಲೆ ತೇವ ಕಟ್ಟಿತು.

ಸೇಬು ಇದಕ್ಕೆ ತದ್ವಿರುದ್ಧ. ಪಿಎಚ್ 4ರ ಕೆಳಗೆ. ಮೇಲೆ ಕ್ಯಾರಮೆಲ್ ಅದ್ದಿದರೆ ಅದು ಸಕ್ಕರೆಯ ಗಟ್ಟಿ ಪಾಕ, ನೀರಿನ ಲಭ್ಯತೆ ಕಡಿಮೆ. ಎರಡರಲ್ಲೂ ಲಿಸ್ಟೀರಿಯಾ ಬೆಳೆಯುವಂತಿಲ್ಲ. ಆದರೂ 2014-15ರಲ್ಲಿ ಅಮೆರಿಕದಲ್ಲಿ ಕ್ಯಾರಮೆಲ್ ಸೇಬು ತಿಂದ 35 ಜನ ಕಾಯಿಲೆ ಬಿದ್ದರು, ಏಳು ಜನ ಸತ್ತರು. ಪರೀಕ್ಷೆಗೆ ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಶ್ನೆ ಇದು. ಕಾರಣ ಹಿಡಿಯಲು ಚುಚ್ಚಿದ ಕಡ್ಡಿ. ಕಡ್ಡಿಯ ತೂತಿನಿಂದ ರಸ ಮೇಲೆ ಬಂದು ಸೇಬಿಗೂ ಕ್ಯಾರಮೆಲ್‌ಗೂ ನಡುವೆ ತೆಳ್ಳಗೆ ಹರಡುತ್ತದೆ. ಆ ಸಂದಿಯಲ್ಲಿ ಹುಳಿಯೂ ಸಾಲದು, ಒಣಗಿದ್ದೂ ಸಾಲದು. ಪ್ರಯೋಗದಲ್ಲಿ ಕಡ್ಡಿ ಚುಚ್ಚಿದ ಸೇಬನ್ನು 25 ಡಿಗ್ರಿಯಲ್ಲಿ ಇಟ್ಟಾಗ ಮೂರು ದಿನದಲ್ಲಿ ಸಾವಿರ ಪಟ್ಟು ಬೆಳೆಯಿತು. ಕಡ್ಡಿ ಇಲ್ಲದ್ದರಲ್ಲಿ ಬೆಳವಣಿಗೆ ಹಿಂದೆ ಬಿತ್ತು. ತಿನಿಸಿನ ಒಟ್ಟು ಪಿಎಚ್ ಅಳೆದು ಕ್ಷೇಮ ಅನ್ನುವವರು ಇದನ್ನು ನೆನಪಿಡಬೇಕು. ಬ್ಯಾಕ್ಟೀರಿಯಾ ಒಟ್ಟು ತಿನಿಸಿನಲ್ಲಿ ಇರುವುದಿಲ್ಲ, ಅದರ ಒಂದು ಮೂಲೆಯಲ್ಲಿ ಇರುತ್ತದೆ.

ಹಾಲು ಎರಡು ಪಟ್ಟಿಯಲ್ಲಿ ಎರಡು ಕಡೆ

ಪಾಶ್ಚರೀಕರಿಸಿದ ಹಾಲು ಒಂದು ಲೋಟಕ್ಕೆ ಲೆಕ್ಕ ಹಾಕಿದರೆ ಕಡಿಮೆ ಅಪಾಯ. ದೇಶಕ್ಕೆ ವರ್ಷಕ್ಕೆ ಎಷ್ಟು ಪ್ರಕರಣ ಅಂತ ಲೆಕ್ಕ ಹಾಕಿದರೆ ಅದೇ ಹಾಲು ಮೇಲಿನ ಗುಂಪಿಗೆ ಬರುತ್ತದೆ. ಕಾರಣ, ಎಲ್ಲರೂ ದಿನಾ ಕುಡಿಯುತ್ತಾರೆ. ಪಾಟೆ ಒಂದು ತುತ್ತಿಗೆ ಅಪಾಯಕಾರಿ, ಆದರೆ ತಿನ್ನುವವರು ಕಡಿಮೆ. ಸರಕಾರಕ್ಕೆ ಬೇಕಾದದ್ದು ವರ್ಷದ ಲೆಕ್ಕ. ನಿಮ್ಮ ತಟ್ಟೆಗೆ ಬೇಕಾದದ್ದು ತುತ್ತಿನ ಲೆಕ್ಕ. ಡೆಲಿ ಮಾಂಸ ಎರಡರಲ್ಲೂ ಮೊದಲು. 2003ರ ಅಂದಾಜಿನಲ್ಲಿ ವರ್ಷಕ್ಕೆ ಸುಮಾರು 1600 ಪ್ರಕರಣ ಅದೊಂದರದ್ದೇ.

ಅಕ್ಕನ ಮಗಳ ಫ್ರಿಜ್

ಅಕ್ಕನ ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ, ಐದು ತಿಂಗಳ ಬಸುರಿ. ಒಂದು ದಿನ ಫ್ರಿಜ್ಜಿನ ಫೋಟೋ ಕಳಿಸಿ, "ಚಿಕ್ಕಮ್ಮ, ಇದರಲ್ಲಿ ಏನೇನು ತಿನ್ನಬಹುದು ಹೇಳಿ, ಡಾಕ್ಟರು ಒಂದು ಪಟ್ಟಿ ಕೊಟ್ಟರು, ಅದರಲ್ಲಿ ನಮ್ಮ ತಿಂಡಿ ಯಾವುದೂ ಇಲ್ಲ" ಅಂದಳು. ನಾನು ಮೊದಲು ಫ್ರಿಜ್ ಎಷ್ಟು ಡಿಗ್ರಿ ಇದೆ ಅಂತ ಕೇಳಿದೆ. ಗುಂಡಿಯ ಮೇಲೆ 3 ಅಂತ ಇದೆ ಅಂದಳು. ಅದು ಡಿಗ್ರಿ ಅಲ್ಲ ಕಣೇ, ಬರೀ ನಂಬರು ಅಂದೆ. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಮುಳುಗಿಸಿ ನಡುವಿನ ತಟ್ಟೆಯಲ್ಲಿ ರಾತ್ರಿಯಿಡೀ ಇಡು, ಬೆಳಿಗ್ಗೆ ತೆಗೆದ ಕೂಡಲೇ ನೋಡು ಅಂದೆ. 7 ಡಿಗ್ರಿ ಬಂತು.

ಆಮೇಲೆ ಒಂದೊಂದೇ ನೋಡಿದೆವು. ಕೌಂಟರಿನಲ್ಲಿ ಹೋಳು ಮಾಡಿಸಿದ ಟರ್ಕಿ, ಐದು ದಿನದ್ದು, ಅವಳ ಗಂಡನ ಸ್ಯಾಂಡ್‌ವಿಚ್ಚಿಗೆ. ಎಸೆಯಲು ಹೇಳಿದೆ. ಹೊಸದು ತಂದರೂ ಅವಳು ತಿನ್ನುವುದಿದ್ದರೆ ಹಬೆಯಾಡುವಂತೆ ಬಿಸಿ ಮಾಡಿಯೇ. ಹೊಗೆ ಸಾಲ್ಮನ್, ಮುಚ್ಚಿದ ಪೊಟ್ಟಣ. ಹಾಗೇ ಬೇಡ, ಪಾಸ್ತಾದಲ್ಲಿ ಹಾಕಿ ಕುದಿಸಿದರೆ ಆಯಿತು. ಚೆಡ್ಡರ್, ಮೊಸರು, ಎರಡಕ್ಕೂ ಯೋಚನೆ ಇಲ್ಲ. ಪನೀರ್ ಚೆನ್ನಾಗಿ ಬೇಯಿಸಿ ತಿನ್ನು, ಕತ್ತರಿಸುವಾಗ ಬಾಯಿಗೆ ಹಾಕಿಕೊಳ್ಳುವ ಅಭ್ಯಾಸ ಬಿಡು ಅಂದೆ. ಅದು ಅವರಮ್ಮನಿಂದ ಬಂದ ಅಭ್ಯಾಸ.

ಅಂಗಡಿಯಲ್ಲೇ ಹೆಚ್ಚಿ ಡಬ್ಬಿಯಲ್ಲಿ ತುಂಬಿದ ಕರಬೂಜದ ಬಗ್ಗೆ ಅವಳಿಗೆ ಬೇಜಾರಾಯಿತು. ಇಡೀ ಹಣ್ಣು ತಂದು, ಹರಿಯುವ ನೀರಿನಲ್ಲಿ ಬ್ರಶ್ಶಿನಿಂದ ಉಜ್ಜಿ, ಒರೆಸಿ ಒಣಗಿಸಿ, ಕೊಯ್ದ ದಿನವೇ ತಿಂದರೆ ನಾನು ಒಪ್ಪುತ್ತೇನೆ ಅಂದೆ.

ಕೊನೆಗೆ ಒಂದು ಸ್ಟೀಲ್ ಡಬ್ಬಿ. ಭಾನುವಾರ ರುಬ್ಬಿದ ಕಾಯಿ ಚಟ್ನಿ, ಆ ದಿನ ಗುರುವಾರ. ಡಾಕ್ಟರ ಪಟ್ಟಿಯಲ್ಲಿ ಇಲ್ಲದ್ದು ಇದೇ. ನಮ್ಮ ಅಳತೆಗೆ ಇಟ್ಟೆ. ಹುಣಿಸೆ ಹಾಕಿಲ್ಲ, ಹಸಿ ಕಾಯಿ, ಒದ್ದೆ, ಬೇಯಿಸಿಲ್ಲ. ಒಗ್ಗರಣೆ ಬಿಸಿ ಮೇಲ್ಪದರಕ್ಕಷ್ಟೇ. ನಾಲ್ಕು ದಿನ, 7 ಡಿಗ್ರಿ. "ವಾಸನೆ ಏನೂ ಬಂದಿಲ್ಲ ಚಿಕ್ಕಮ್ಮ" ಅಂದಳು. ಬರುವುದೂ ಇಲ್ಲ ಅಂದೆ. ಚೆಲ್ಲಿದಳು. ಈಗ ಒಂದು ಹೊತ್ತಿಗೆ ಬೇಕಾದಷ್ಟನ್ನೇ ರುಬ್ಬುತ್ತಾಳೆ, ಮಿಕ್ಕರೆ ಸಣ್ಣ ಡಬ್ಬಿಗಳಲ್ಲಿ ಅವತ್ತೇ ಫ್ರೀಜರಿಗೆ ಹಾಕುತ್ತಾಳೆ, ತೆಗೆದ ದಿನ ಮುಗಿಸುತ್ತಾಳೆ. ಫ್ರಿಜ್ಜಿನ ಗುಂಡಿ 5ಕ್ಕೆ ತಿರುಗಿಸಿದ ಮೇಲೆ ಲೋಟದ ನೀರು 4 ಡಿಗ್ರಿ ತೋರಿಸಿತು. ಹಿಂದಿನ ಸಾಲಿನ ಕೊತ್ತಂಬರಿ ಸೊಪ್ಪು ಹೆಪ್ಪುಗಟ್ಟಿತು ಅಂತ ಅವಳ ಗಂಡನ ದೂರು ಬಂದಿದೆ.